ಮಾಳ ಹಾಕಿದ ಹದಿನಾಲ್ಕನೇ ದಿನ

ಗುಳಿಗಿ ವಿಷಯದಾಗ ಧೂಳಮ್ಮನ ಕೈ ಅಂದ್ರ ಗಡಿಯಾರ. ಹನ್ನೊಂದು ವರ್ಷ ಆತು, ಗಂಡ ಪಂಡರಿಗೆ ಮುಂಜಾನಿ ಒಂದು, ರಾತ್ರಿ ಎರಡು ಕೊಡೋದು ಒಂದು ದಿನಾನೂ ತಪ್ಪಿಲ್ಲ. ಕುರಿ ಕಾಯೋ ಪಂಡರಿಗೆ ಒಂದು ಕಾಲಕ್ಕ ಯಾರೂ ಆಡದ ಮಾತು ಕಿವ್ಯಾಗ ಕೇಳತಿದ್ದವು. "ಬಾವಿಗೆ ಹಾರು" ಅಂದ್ರ ಹಾರಾಂವ. ಅವನಣ್ಣ ಕಲ್ಲಿನಾಥ ಅವನನ್ನ ಕುರಿ ಹಗ್ಗದಿಂದ ಕಂಬಕ್ಕ ಕಟ್ಟಿ ಹಾಕತಿದ್ದ. ಈ ಗುಳಿಗಿ ಬಂದ ಮ್ಯಾಲೆ ಹಗ್ಗ ವಾಪಸ್ ಕುರಿಗೆ ಹೋತು. ಉಳಿದ ಚಟ ಒಂದೇ, ದಿನಕ್ಕ ಎರಡು ಕಟ್ಟು ಬೀಡಿ.

ಅದನ್ನೂ ಬಿಟ್ಟ. ಬಸವಕಲ್ಯಾಣದಾಗ ಪಾಂಡುರಂಗನ ಭಜನಿ ಮಂದಿ ಜೋಡಿ ಕೂತು ತುಳಸಿ ಮಾಳ ಹಾಕಿಸಿಕೊಂಡು ಬಂದ. ಮಾಳ ಕೊರಳಿಗೆ ಬಿತ್ತಂದ್ರ ಮಾಂಸ ಇಲ್ಲ, ಸೆರೆ ಇಲ್ಲ, ಬೀಡಿ ಇಲ್ಲ. ಧೂಳಮ್ಮ ಓಣಿ ತುಂಬ ಸಕ್ಕರಿ ಹಂಚಿದಳು. ಹೊಗಿ ನಾತ ಹೋತಲ್ಲ ಅಂತ ಹಿಗ್ಗಿದ್ದೇ ಹಿಗ್ಗಿದ್ದು, ಪಾಪ.

ಒಂದು ವಾರ ಕಳೀತು. ಪಂಡರಿ ಕುರಿ ಬಿಟ್ಟು ಗಿಡದ ಕೆಳಗ ಮಲಗಾಕತ್ತಿದ. ಬಾಯಿಂದ ಜೊಲ್ಲು ಸುರಿದು ಅಂಗಿ ತೊಯ್ಯತಿತ್ತು. ನಡದ್ರ ಜೋಲಿ ಹೊಡೀತಿದ್ದ. ಬೀಡಿ ಬಿಟ್ಟವರಿಗೆ ಹಿಂಗ ಆಗತದ ಅಂದ್ರು ಮಂದಿ. ಹದಿನಾಲ್ಕನೇ ದಿನ, ಮಂಗಳವಾರ ಮುಂಜಾನಿ, ಅವನ ಕೈ ತಾನಾಗೇ ಫಟ್ ಅಂತ ಹಾರಿ ಚಹಾದ ಬಸಿ ಒಡೀತು. ಅರೆಗಣ್ಣಿನ್ಯಾಗ ಏನೋ ಗೊಣಗಿದ. ಧೂಳಮ್ಮ ಬಗ್ಗಿ ಅವನ ಬಾಯಿ ಹತ್ರ ಕಿವಿ ಇಟ್ಟಳು. ಬಂದ್ವೇನು, ಆ ಮಾತು ಮತ್ತ ಬಂದ್ವೇನು?

ಬಾಗಿಲದಾಗ ನಿಂತಿದ್ದ ಕಲ್ಲಿನಾಥ ಅಂದ, "ಹಗ್ಗ ತಗಿ ತಂಗಿ. ಹಳೇ ರೋಗ."

"ಬ್ಯಾಡ್ರಿ ಭಾವಾ, ಬ್ಯಾಡ್ರಿ!" ಅಂತ ಅಕಿ ಒಳಗ ಓಡಿದಳು. ಮುಂಜಾನಿ ಗುಳಿಗಿ ಆಗಲೇ ಕೊಟ್ಟಿದ್ದಳು. ಆದ್ರೂ ಇನ್ನೊಂದು ಬಿಚ್ಚಿದಳು. ಹನ್ನೊಂದು ವರ್ಷದಾಗ ಮೊದಲನೇ ಸಲ. ಬಾಯಾಗ ಇಟ್ಟಳು, ಜೊಲ್ಲಿನ ಜೋಡಿ ಜಾರಿ ನೆಲಕ್ಕ ಬಿತ್ತು. ಎರಡನೇ ಸಲ ಇಡಾಕ ಧೈರ್ಯ ಆಗಲಿಲ್ಲ. ಆಟೋ ಕರೀರಿ ಅಂತ ಚೀರಿದಳು.

ಹುಮನಾಬಾದ ದವಾಖಾನಿಗೆ ಮಂಗಳವಾರಕ್ಕೊಮ್ಮೆ ಮನೋರೋಗದ ಡಾಕ್ಟರ್ ನೂರೀನ್ ಬರತಾರ. ನಾಡಿ ಹಿಡದು ನೋಡಿದ್ರು, ಕುದುರಿ ಓಡಿದಂಗ ಓಡತಿತ್ತು. "ಗುಳಿಗಿ ಹೆಚ್ಚು ತಗೊಂಡಾರೇನು?"

"ಇಲ್ರಿ."

"ಹೊಸ ಔಷಧಿ? ನಾಟಿ ಔಷಧಿ? ಹೊಸದಾಗಿ ಏನರೇ ಶುರು ಮಾಡ್ಯಾರೇನು?"

"ಏನೂ ಇಲ್ರಿ, ದೇವರಾಣಿ." ಖರೇನೇ ಹೇಳಿದಳು. ಶುರು ಮಾಡಿದ್ದು ಏನೂ ಇರಲಿಲ್ಲ.

"ಗುಳಿಗಿ ಡಬ್ಬಿ ಇಕಿ ಕೈಯಾಗೇ ಇರತದರಿ," ಅಂದ ಕಲ್ಲಿನಾಥ. ಧೂಳಮ್ಮಗ ಅಷ್ಟೇ ಸಾಕಾತು. ನಾನೇ ನನ್ನ ಗಂಡನ್ನ ಕೊಂದೆನೇನು?

ಎದಿ ಬಡಿತದ ಇಸಿಜಿ ಪಟ್ಟಿ ತಗಿಯಾಕ ನರ್ಸಬಾಯಿ ಪಂಡರಿ ಕೊರಳಿನ ಮಾಳಕ್ಕ ಕೈ ಹಾಕಿದಳು. ಧೂಳಮ್ಮ ಹಾರಿ ಆ ಕೈ ಹಿಡದಳು. "ಅದನ್ನ ಮಾತ್ರ ತಗೀಬ್ಯಾಡ್ರಿ! ಅದರ ಮ್ಯಾಲೆ ಆಣಿ ಮಾಡಿ ಬೀಡಿ ಬಿಟ್ಟಾರ!"

ಡಾಕ್ಟರ್ ಪೆನ್ ನಿಂತಿತು. "ಬೀಡಿ ಬಿಟ್ಟಾರ? ಯಾವಾಗ?"

"ಹದಿನಾಲ್ಕು ದಿನ ಆತ್ರಿ."

"ಅಯ್ಯೋ ನಮ್ಮವ್ವ, ಅದನ್ನ ಮೊದಲು ಹೇಳಬಾರದೇನ್ರಿ!" ಅಂದ್ರು ನೂರೀನ್. ಆಮ್ಯಾಲೆ ದನಿ ಇಳಿಸಿದ್ರು. "ನಿಮ್ಮ ತಪ್ಪಲ್ಲ ಬಿಡ್ರಿ. ಬಿಟ್ಟಿದ್ದು ಏನು ಅಂತ ನಾನೂ ಕೇಳಲಿಲ್ಲ. ನೋಡ್ರಿ, ಬೀಡಿ ಹೊಗಿ ಲಿವರಿನ ಬೆನ್ನು ಹತ್ತಿ ಕೆಲಸ ಮಾಡಸತದ. ಲಿವರ್ ಈ ಔಷಧಿನ ಲಗೂ ಲಗೂ ಅರದು ಹೊರಗ ಹಾಕತಿತ್ತು. ಅದಕ್ಕ ಇವರಿಗೆ ಅಷ್ಟು ಗುಳಿಗಿ ಬೇಕಾಗತಿತ್ತು. ಹೊಗಿ ನಿಂತ ಒಂದು ವಾರದಾಗ ಲಿವರ್ ಸಾವಕಾಶ ಆತು. ನೀವು ಕೊಟ್ಟ ಗುಳಿಗಿ ಅಷ್ಟೇ, ಮೈಯಾಗ ಮಾತ್ರ ಹೆಚ್ಚೆಚ್ಚು ಕೂಡಿಕೋತ ಬಂತು. ಎಲ್ಲಾ ಔಷಧಿಗೂ ಹಂಗಲ್ಲ, ಇಂಥ ಕೆಲವಕ್ಕ."

"ಹಂಗಾರ ನನ್ನಂಗ ತಂಬಾಕ ತಿನ್ನಲಿ ಬಿಡ್ರಿ," ಅಂದ ಕಲ್ಲಿನಾಥ.

"ತಂಬಾಕ ತಿಂದ್ರ ಈ ಔಷಧಿಗೆ ಏನೂ ಆಗಂಗಿಲ್ಲ, ನಿಮ್ಮ ಬಾಯಿ ಕೆಡತದ, ಅಷ್ಟೇ. ಈ ಕೆಲಸ ಹೊಗಿದು."

ನೆಲಕ್ಕ ಬಿದ್ದ ಗುಳಿಗಿ ಮಾತು ಧೂಳಮ್ಮ ಅಳಕೋತ ಹೇಳಿದಳು. "ಅದು ಹೊಟ್ಟಿಗೆ ಹೋಗಿದ್ರ ಫಿಟ್ಸ್ ಬರತಿತ್ತೋ ಏನೋ. ಬಿದ್ದಿದ್ದೇ ಛಲೋ ಆತು," ಅಂದ್ರು ನೂರೀನ್. ರಕ್ತ ತಗದು ಪರೀಕ್ಷೆಗೆ ಕಳಿಸಿದ್ರು, ರಾತ್ರಿ ಗುಳಿಗಿ ನಿಲ್ಲಿಸಿ ಅಲ್ಲೇ ಇಟ್ಟುಕೊಂಡ್ರು. ಆಮ್ಯಾಲೆ ನೋಡಿಕೋತ ಕಡಿಮಿ ಮಾಡಿದ್ರು. ಪೂರ್ತಿ ಬಿಡಬ್ಯಾಡ್ರಿ, ಬಿಟ್ರ ಆ ಮಾತು ವಾಪಸ್ ಬರತಾವ ಅಂದ್ರು.

ಮುಂದಿನ ಮಂಗಳವಾರ ನೂರೀನ್ ಬಂದಾಗ ಪಂಡರಿ ಎದ್ದು ಕೂತಿದ್ದ. ಹೆಂಡತಿ ಮುಖ ನೋಡಿದ. "ನಿನಗ ಇಷ್ಟು ತ್ರಾಸಾದ್ರ ಮಾಳ ತಗದು ಬೀಡಿ ಸೇದತೀನಿ ಬಿಡು."

"ಬ್ಯಾಡ," ಅಂದ್ರು ನೂರೀನ್. "ಬಿಟ್ಟಿದ್ದು ಭಾಳ ಛಲೋ ಆತು. ಆದ್ರ ಮತ್ತ ಹಿಡದ್ರ ಈ ಕಡಿಮಿ ಗುಳಿಗಿ ಸಾಲಂಗಿಲ್ಲ. ಒಂದೇ ಮಾತು, ಮುಚ್ಚಿಡಬ್ಯಾಡ್ರಿ."

ಅವತ್ತಿನಿಂದ ಪಂಡರಿ ಕುರಿ ಹೊಡಕೊಂಡು ಬಂದ ಕೂಡಲೇ ಧೂಳಮ್ಮ ಅವನ ಅಂಗಿ ಮೂಸತಾಳ. ಓಣಿ ಮಂದಿ ನಗತಾರ, ಹೊಸ ಮದಿಮಗಳೇನವ್ವಾ ಅಂತಾರ. ನಗಲಿ. ಕಂಬದ ಮ್ಯಾಲಿನ ಹಗ್ಗದ ಗುರುತು ಇನ್ನೂ ಮಾಸಿಲ್ಲ, ಅದು ಅಕಿಗೊಬ್ಬಾಕಿಗೇ ಕಾಣತದ.

"ಎಂದರ ಒಂದಿನ ಸೇದಿದ್ರ ನನಗ ಹೇಳ್ರಿ," ಅಂತಾಳ ಗುಳಿಗಿ ಕೈಯಾಗ ಇಟ್ಟು. "ಆಣಿ ಮುರದ್ರ ಪಾಂಡುರಂಗ ಮಾಫ್ ಮಾಡ್ಯಾನು. ಗುಳಿಗಿ ಮಾಡಂಗಿಲ್ಲ."