ಹನ್ನೊಂದು ಸಲ ಬಂದ ಗಿರಾಕಿ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಪಾರ್ಲರಕ್ಕ ಎಂದೇ. ಹತ್ತೊಂಬತ್ತು ವರ್ಷದಿಂದ ಅದೇ ಬಾಡಿಗೆ ಕೋಣೆ, ಅದೇ ತಿರುಗುವ ಕುರ್ಚಿ. ಗಂಡ ತೀರಿಕೊಂಡ ಮೇಲೆ ಅವಳಿಗೆ ಮಾತಿಗೆ ಸಿಗುತ್ತಿದ್ದವರು ಆ ಕುರ್ಚಿಯಲ್ಲಿ ಬಂದು ಕೂರುವವರು ಮಾತ್ರ. ಮೂಲೆಯಲ್ಲಿ ದೊಡ್ಡ ಪಾರ್ಲರ್ ತೆರೆದ ಮೇಲೆ ಅವರೂ ಕಡಿಮೆಯಾದರು.

ದುಡ್ಡಿನ ವಿಷಯದಲ್ಲಿ ಅವಳದು ಎಲ್ಲ ಒಂದೇ ಗಂಟು. ಡ್ರಾಯರಿನಿಂದಲೇ ಹಾಲು, ಮಾತ್ರೆ, ಬಾಡಿಗೆ. ಲಾಭವೋ ನಷ್ಟವೋ ದೇವರಿಗೇ ಗೊತ್ತು. ಕೊನೆಗೆ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ತಂಗಿ ಒಂದು ಪುಸ್ತಕ, ಒಂದು ತಗಡಿನ ಡಬ್ಬಿ ತಂದಿಟ್ಟಳು.

"ಡಬ್ಬಿ ಅಂಗಡೀದು, ಪರ್ಸು ನಿಂದು. ತಿಂಗಳಿಗೊಂದ್ಸಲ ಡಬ್ಬಿಯಿಂದ ಸಂಬಳ ತಗೋ, ಆಮೇಲೆ ಮನೆ ಖರ್ಚಿಗೆ ಅದನ್ನ ಮುಟ್ಟಬೇಡ. ಯಾರು ಬಂದ್ರು, ಎಷ್ಟು ಕೊಟ್ರು, ದಿನಾ ಬರಿ. ಸಂಜೆ ಎಣಿಸು. ಮೂರು ತಿಂಗಳಲ್ಲಿ ಒಂದು ತಿಂಗಳಾದ್ರೂ ಲಾಭ ಬರಲಿಲ್ಲ ಅಂದ್ರೆ ಕೋಣೆ ಬಿಟ್ಟುಬಿಡು."

ಅಕ್ಕ ಒಪ್ಪಿದಳು. ಮೊದಲೆರಡು ತಿಂಗಳೂ ನಷ್ಟ.

ಮೂರನೇ ತಿಂಗಳ ಕೊನೆಗೆ ತಂಗಿ ಬಂದು ಬಾಡಿಗೆ, ಕರೆಂಟು, ಕ್ರೀಮು, ಅಕ್ಕನ ಸಂಬಳ ಎಲ್ಲ ಕಳೆದಳು. ನಾನೂರು ಉಳಿಯಿತು! ಡಬ್ಬಿಯ ದುಡ್ಡೂ ಪುಸ್ತಕಕ್ಕೆ ಸರಿಯಾಗಿ ತಾಳೆಯಾಯಿತು. ಪಾರ್ಲರಕ್ಕನಿಗೆ ಹೋದ ಜೀವ ಬಂದಂತಾಯಿತು.

ಆದರೆ ಗಿರಣಿಯ ಲೆಕ್ಕ ನೋಡಿದ ಕಣ್ಣು ಸುಮ್ಮನಿರುತ್ತದೆಯೇ? ತಂಗಿ ಹಾಳೆ ತಿರುವಿದಳು.

"ಅಕ್ಕ, ಇದ್ಯಾರು? ಹನ್ನೊಂದು ದಿನ ಇಡೀ ದಿನಕ್ಕೆ ಅದೇ ಒಬ್ಬಳು ಗಿರಾಕಿ. ಪ್ರತಿ ಸಲಾನೂ ಹುಬ್ಬು, ಐವತ್ತು. ತಿಂಗಳಿಗೆ ಹನ್ನೊಂದು ಸಲ ದಾರ ಎಳೆದ್ರೆ ಹುಬ್ಬೇ ಉಳಿಯಲ್ಲ."

ತಂಗಿ ತಲೆಯೆತ್ತಿ ನೋಡಿದಳು. ಅಕ್ಕನ ಹುಬ್ಬು ಪೊದೆಯಂತೆ ಬೆಳೆದಿತ್ತು.

"ಯಾರೂ ಬರ್ಲಿಲ್ಲ ಅಂತ ಬರೆಯೋಕೆ ಕೈ ಬರಲ್ಲ ಕಣೆ," ಎಂದಳು ಅಕ್ಕ. "ಪರ್ಸಿಂದ ಐವತ್ತು ತೆಗೆದು ಡಬ್ಬಿಗೆ ಹಾಕ್ತಿದ್ದೆ. ಡಬ್ಬಿಯಿಂದ ತೆಗೀಬೇಡ ಅಂದೆ, ಹಾಕ್ಬೇಡ ಅನ್ಲಿಲ್ವಲ್ಲ."

ತಂಗಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ನಿನ್ನ ದುಡ್ಡು ನೀನೇ ಹಾಕಿದ್ರೆ ಅದು ಸಂಪಾದನೆ ಅಲ್ಲ ಅಕ್ಕ." ಐನೂರೈವತ್ತು ಕಳೆದಳು. ನೂರೈವತ್ತು ನಷ್ಟ. "ಅಂಥ ದಿನ ನಂಗೊಂದು ಫೋನ್ ಮಾಡ್ಬಾರ್ದಿತ್ತಾ?"

"ಮಾಡಿ ಏನಂತ ಹೇಳ್ಲಿ?"

ಪಾರ್ಲರಕ್ಕ ಕೊಟ್ಟ ಮಾತು ತಪ್ಪಲಿಲ್ಲ. ಮಾಲೀಕನಿಗೆ ಹೇಳಿ, ಇನ್ನೊಂದು ತಿಂಗಳಿಗೆ ಕೋಣೆ ಬಿಡುವುದೆಂದಾಯಿತು. ಕೊನೆಯ ದಿನವೂ ಯಾರೂ ಬರಲಿಲ್ಲ. ಸಂಜೆ ಅವಳು ಡಬ್ಬಿ ಎಣಿಸಿ, ಪುಸ್ತಕ ತೆರೆದು, ದಿನಾಂಕದ ಮುಂದೆ ಸೊನ್ನೆ ಬರೆದಳು. ಪರ್ಸಿನತ್ತ ಕೈ ಹೋಗಲಿಲ್ಲ.

ಆಮೇಲೆ ಬೇರೆಯವರಿಗೆಂದೇ ಇಟ್ಟಿದ್ದ ಆ ಕುರ್ಚಿಯಲ್ಲಿ ತಾನೇ ಕೂತು, ಕನ್ನಡಿ ನೋಡಿಕೊಂಡು, ನಿಧಾನವಾಗಿ ತನ್ನ ಹುಬ್ಬು ತಿದ್ದಿಕೊಂಡಳು. ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ.