ರೇಡಿಯೋ ನಂಬರಿಗೆ ಬಂದ ಮಿಸ್ಡ್ ಕಾಲ್‌ಗಳು

ದಾಂಡೇಲಿಯಲ್ಲಿ ನನ್ನದೊಂದು ಪುಟ್ಟ ಜಾಹೀರಾತು ಕಚೇರಿ. ಹಳಿಯಾಳದಲ್ಲಿ ಹೊಲಿಗೆ ಯಂತ್ರ ಮಾರುವ ಸಾಹೇಬರು ನನ್ನ ಹಳೆಯ ಗಿರಾಕಿ. ಪೇಪರು, ರೇಡಿಯೋ, ಬಸ್ ನಿಲ್ದಾಣದೆದುರಿನ ಹೋರ್ಡಿಂಗು, ಮೂರರಲ್ಲಿ ಯಾವುದನ್ನು ಕಂಡು ಜನ ಬರುತ್ತಾರೆಂದು ತಿಳಿಯಲೇಬೇಕೆಂದು ಒಮ್ಮೆ ಪಟ್ಟು ಹಿಡಿದರು. ಮೂರಕ್ಕೂ ಬೇರೆ ಬೇರೆ ನಂಬರ್ ಕೊಟ್ಟೆ. ಯಾವುದಕ್ಕೆ ಮಾಡಿದರೂ ಅಂಗಡಿಯ ಮೊಬೈಲೇ ರಿಂಗಾಗುತ್ತದೆ. ಯಾವ ನಂಬರಿಗೆ ಬಂದ ಕರೆ ಎಂಬುದು ನನ್ನ ಕಂಪ್ಯೂಟರಿನಲ್ಲಿ ಕಾಣುತ್ತದೆ. ಪೇಪರಿಗೂ ಹೋರ್ಡಿಂಗಿಗೂ ಅಂಗಡಿಯ ವೆಬ್‌ಪುಟಕ್ಕೆ ಒಯ್ಯುವ ಒಂದೊಂದು ಚಿಕ್ಕ ಲಿಂಕ್ ಇತ್ತು, ಕೊನೆಯ ಅಕ್ಷರ ಮಾತ್ರ ಬೇರೆ. ರೇಡಿಯೋದಲ್ಲಿ ಲಿಂಕ್ ಓದಿದರೆ ಯಾವ ಪುಣ್ಯಾತ್ಮ ಬರೆದುಕೊಳ್ಳುತ್ತಾನೆ? ಅಲ್ಲಿ ನಂಬರನ್ನೇ ಎರಡೆರಡು ಸಲ ಹೇಳಿಸಿದೆವು.

ಆ ಜಾಹೀರಾತು ಬರುತ್ತಿದ್ದುದು ಸಂಜೆಯ ಹಳೆಯ ಹಾಡುಗಳ ಕಾರ್ಯಕ್ರಮದಲ್ಲಿ. ಅದನ್ನು ನಡೆಸುವ, ಕೇಳುಗರೆಲ್ಲ ಅಕ್ಕ ಎಂದೇ ಕರೆಯುವ ನಿರೂಪಕಿಯ ದನಿ ಕೇಳುತ್ತಲೇ ನಾನು ಬೆಳೆದವಳು. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು, ಹಾಡು ಮುಗಿಯುವವರೆಗೆ ನಮಗೆ ಮಾತಾಡುವ ಹಕ್ಕಿರಲಿಲ್ಲ. ಈಗ ಆ ಕಾರ್ಯಕ್ರಮಕ್ಕೆ ಉಳಿದಿದ್ದ ಜಾಹೀರಾತು ಸಾಹೇಬರದೊಂದೇ. ಅದೂ ಹೋದರೆ ಕಾರ್ಯಕ್ರಮ ನಿಂತು ಅಕ್ಕ ಮನೆಗೆ ಹೋಗಬೇಕು.

ತಿಂಗಳ ವರದಿಯಲ್ಲಿ ಹೋರ್ಡಿಂಗು, ಪೇಪರು ಚೆನ್ನಾಗಿಯೇ ಇದ್ದವು. ರೇಡಿಯೋ ಹೆಚ್ಚುಕಡಿಮೆ ಖಾಲಿ. ರೇಡಿಯೋ ಬಂದ್ ಮಾಡೋಣವೆಂದು ಸಾಹೇಬರು ಅಕ್ಕನಿಗೂ ಹೇಳಿಬಿಟ್ಟರು. ನನಗೆ ಅಳು ಬಂತು, ನಿಜ ಹೇಳುತ್ತೇನೆ.

ಲೆಕ್ಕ ಮುಗಿಸಲು ಅಂಗಡಿಗೆ ಹೋಗಿ ಕೂತಿದ್ದೆ. ಮೊಬೈಲ್ ಒಂದೇ ಸಲ ರಿಂಗಾಗಿ ನಿಂತಿತು. ಸಾಹೇಬರು ಚಹಾ ಕೆಳಗಿಟ್ಟು, ಸಹಜವೆಂಬಂತೆ ಆ ನಂಬರಿಗೆ ತಿರುಗಿ ಫೋನ್ ಮಾಡಿದರು. ಆ ಕಡೆ ಜೋಯಿಡಾದ ಒಬ್ಬಾಕೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಿ ಬಂದಿದ್ದೇನೆ, ರೇಡಿಯೋದಲ್ಲಿ ಕೇಳಿದೆ ಎಂದು ಕೊಂಕಣಿ ಬೆರೆಸಿ ಹೇಳಿ, ಮಷಿನ್ ರಿಪೇರಿಯ ಬಗ್ಗೆ ವಿಚಾರಿಸಿದಳು.

"ಹಿಂಗ ಬಾಳ ಬರ್ತಾವೇನ್ರಿ?" ಎಂದೆ.

"ದಿನಾ ಬರ್ತಾವ. ಮಿಸ್ಡ್ ಕಾಲ್ ಕೊಡ್ತಾರ, ನಾ ತಿರುಗಿ ಮಾಡ್ತೇನಿ. ಅದೂ ಫೋನ್ ಅಲ್ಲೇನು?"

ನನ್ನ ವರದಿಗೆ ಅದು ಫೋನ್ ಆಗಿರಲಿಲ್ಲ. ಎತ್ತಿ ಮಾತಾಡಿದ ಕರೆಗಳನ್ನಷ್ಟೇ ಅದು ಎಣಿಸುತ್ತಿತ್ತು. ಸಾಹೇಬರು ತಿರುಗಿ ಮಾಡಿದ್ದೆಲ್ಲ ಅವರ ಮೊಬೈಲಿನಿಂದ ನೇರವಾಗಿ, ನನ್ನ ನಂಬರುಗಳ ಕಣ್ಣಿಗೆ ಬೀಳದಂತೆ. ನಮ್ಮ ಮನೆಯಲ್ಲೂ ಊಟಕ್ಕೆ ಬಾ ಅನ್ನಲು ಅಪ್ಪನಿಗೆ ಒಂದು ರಿಂಗ್ ಸಾಕಿತ್ತು. ಎಲ್ಲ ಗೊತ್ತಿದ್ದೂ ಹೊಳೆದಿರಲಿಲ್ಲ ನೋಡಿ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತಾಗಿತ್ತು. ಲ್ಯಾಪ್‌ಟಾಪ್ ತೆಗೆದು ಎತ್ತದ ಕರೆಗಳನ್ನೂ ತೋರಿಸು ಎಂದು ಒತ್ತಿದೆ. ರೇಡಿಯೋ ನಂಬರಿನಡಿ ಪರದೆ ತುಂಬಿ ಕೆಳಗಿಳಿಯುತ್ತಲೇ ಹೋಯಿತು.

ಸಾಹೇಬರು ಬಗ್ಗಿ ಪಟ್ಟಿಯನ್ನು ಕೊನೆಯವರೆಗೂ ನೋಡಿದರು. ಆಮೇಲೆ ತಾವೇ ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರಿನಲ್ಲಿಟ್ಟು, ಜಾಹೀರಾತು ಮುಂದುವರಿಯಲಿ, ನಿಮ್ಮ ನಂಬರಿಗೇ ಎಲ್ಲಕ್ಕಿಂತ ಹೆಚ್ಚು ಜನ ಫೋನ್ ಮಾಡಿದ್ದಾರೆ ಎಂದರು.

ಅಕ್ಕ ಖುಷಿಪಟ್ಟು ಧನ್ಯವಾದ ಹೇಳುತ್ತಾರೆ ಅಂದುಕೊಂಡಿದ್ದೆ.

"ಅಂದ್ರ," ಎಂದರು ಅಕ್ಕ, "ಇಷ್ಟ ದಿನ ನನ್ನ ಕಾರ್ಯಕ್ರಮಾ ಯಾರರ ಕೇಳಾಕತ್ತಿದ್ರೇನ್ರಿ?"