ನಾಲ್ಕನೇ ಪುಟಕ್ಕೆ ನಾನಿಟ್ಟ ಹೆಸರು

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವನಿಗೆ ನಿವೃತ್ತಿಯಾದ ಮೇಲೆ ಎರಡೇ ದಾರಿ: ಮನೆಯವರ ತಲೆ ತಿನ್ನುವುದು, ಇಲ್ಲವೆ ಬ್ಲಾಗ್ ಬರೆಯುವುದು. ಪಾರ್ವತಿನಗರದ ನಮ್ಮ ಮನೆಯಲ್ಲಿ ಮೊದಲನೆಯದಕ್ಕೆ ಹೆಂಡತಿ ಬೇಗನೇ ತಡೆಯಾಜ್ಞೆ ತಂದಳು. ಹಾಗಾಗಿ ಬ್ಲಾಗ್. ಅದಕ್ಕೊಂದು ಐದು ಪದದ ಹೆಸರಿಟ್ಟೆ. ಒಂದೇ ಉಸಿರಿನಲ್ಲಿ ಹೇಳಿದವರು ಇನ್ನೂ ಯಾರೂ ಇಲ್ಲ.

ಬರಹಗಳಿಗೆ ಊರಿನ ಪ್ರಕಾರ ಟ್ಯಾಗ್ ಹಚ್ಚುತ್ತಿದ್ದೆ: ಬಳ್ಳಾರಿ, ಸಿರುಗುಪ್ಪ, ಕುರುಗೋಡು. ‘ಸಿರುಗುಪ್ಪ’ ಒತ್ತಿದರೆ ಆ ಊರಿನ ಬರಹಗಳೆಲ್ಲ ಹೊಸದು ಮೇಲೆ, ಹಳೆಯದು ಕೆಳಗೆ ಬರುತ್ತವೆ. ಪುಟಕ್ಕೆ ಹತ್ತು. ಹತ್ತು ಮುಗಿದರೆ ಎರಡನೇ ಪುಟ, ಅದು ಮುಗಿದರೆ ಮೂರನೆಯದು. ಇಷ್ಟು ನನಗೂ ಗೊತ್ತಿತ್ತು.

ನನ್ನ ಖಾಯಂ ಓದುಗರು ಒಬ್ಬರೇ, ಸಿರುಗುಪ್ಪದ ನಮ್ಮ ಸೋದರತ್ತೆ. ಅವಳೂ ಖಾಯಂ ಓದುವುದು ಒಂದೇ ಬರಹವನ್ನು. ಮಾವ ತೀರಿಕೊಂಡ ಮೇಲೆ ನಾನು ಅವರ ಬಗ್ಗೆ ಬರೆದದ್ದು. ಅಕ್ಕಿ ಗಿರಣಿಯಲ್ಲಿದ್ದ ಮನುಷ್ಯ, ನಾಲ್ಕು ಕಾಳು ಬಾಯಿಗೆ ಹಾಕಿ ಕಟ್ ಎಂದು ಕಡಿದು, ಭತ್ತ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಅತ್ತೆ ಮುಂಜಾನೆ ಚಹಾ ಕುಡಿದು ಅದನ್ನು ಓದುತ್ತಾಳೆ. ಅದು ‘ಸಿರುಗುಪ್ಪ’ದ ಮೂರನೇ ಪುಟದಲ್ಲಿತ್ತು. ಫೋನಿನಲ್ಲಿ ಆ ಪುಟಕ್ಕೆ ನಕ್ಷತ್ರ ಒತ್ತಿ ಉಳಿಸಿಕೊಳ್ಳುವುದನ್ನು ನಾನೇ ಹೇಳಿಕೊಟ್ಟಿದ್ದೆ. ಅವಳು ಉತ್ಸಾಹದಲ್ಲಿ ಎಲ್ಲ ಪುಟಗಳಿಗೂ ಒತ್ತಿಟ್ಟಳು.

ಒಂದು ದಿನ ಫೋನ್ ಬಂತು. “ಏನಲೇ, ಎಲ್ಲಾದಕ್ಕೂ ಒಂದ ಹೆಸರು ಇಟ್ಟೀಯಲ್ಲ! ಯಾವ ಪುಟದಾಗ ನಿಮ್ಮ ಮಾವ ಅದಾನಂತ ಹೆಂಗ ಗೊತ್ತಾಗಬೇಕು? ದಿನಾ ಎಲ್ಲಾ ಬಾಗಿಲಾ ಬಡಕೊಂತ ಹೋಗಾಕ ನಾ ಏನು ಜನಗಣತಿಯಾಕಿ ಏನು?”

ತೆಗೆದು ನೋಡಿದೆ. ನಿಜ. ಒಂದು, ಎರಡು, ಮೂರು, ನಾಲ್ಕು, ಎಲ್ಲ ಪುಟಕ್ಕೂ ಅದೇ ಶೀರ್ಷಿಕೆ: ಮೊದಲು ನನ್ನ ಐದು ಪದದ ಬಿರುದು, ಕೊನೆಗೆ ‘ಸಿರುಗುಪ್ಪ’. ಫೋನಿನ ಸಣ್ಣ ಜಾಗದಲ್ಲಿ ಬಿರುದೇ ತುಂಬಿಕೊಂಡು ಊರಿನ ಹೆಸರು ಕಾಣುತ್ತಲೇ ಇರಲಿಲ್ಲ.

ಸತ್ಯನಾರಾಯಣಪೇಟೆಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಮಹಡಿಯ ಮೇಲೆ ಆಫೀಸು ಮಾಡಿಕೊಂಡು ಗಿರಣಿ, ಜೀನ್ಸ್ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾಳೆ. ನನ್ನ ಬ್ಲಾಗೂ ಅವಳದೇ ಕೈಕೆಲಸ.

“ಸರ್, ಇದನ್ನ ನಾ ಆಗಲೇ ಹೇಳಿದ್ದೆನ್ರಿ” ಎಂದಳು. “ಪುಟಗಳಿಗೆಲ್ಲಾ ಒಂದೇ ಅಚ್ಚು ಐತಿ. ಅದಕ್ಕ ಒಂದೇ ಹೆಸರು ಬೀಳ್ತೈತಿ. ಗೂಗಲ್‌ನ್ಯಾಗ ಹುಡುಕಿದವರಿಗೂ ಯಾವುದು ಯಾವುದಂತ ತಿಳಿಯಂಗಿಲ್ಲ. ಅಚ್ಚಿನ್ಯಾಗ ಪುಟದ ಸಂಖ್ಯಾ ಸೇರಿಸಿಬಿಡ್ತೀನಿ. ಮೊದಲ ಪುಟಕ್ಕ ಬರೇ ‘ಸಿರುಗುಪ್ಪ’. ಎರಡನೇದರಿಂದ ‘ಸಿರುಗುಪ್ಪ – ಪುಟ 2’, ‘ಪುಟ 3’ ಹಿಂಗ. ನಿಮ್ಮ ಬ್ಲಾಗಿನ ಹೆಸರು ಕಡೀಕ.”

ನನ್ನ ಐದು ಪದ ಕಡೆಗೆ ಹೋಗುವುದನ್ನು ಹೇಗೋ ನುಂಗಿಕೊಂಡೆ. ಆದರೆ ‘ಪುಟ 2’ ಅಂದರೇನು? ಅದೇನು ಪಹಣಿ ಪತ್ರವೇ? ಕನ್ನಡ ಕಲಿಸಿದವನ ಬ್ಲಾಗಿಗೆ ಬರೀ ಅಂಕಿಯೆ? ಪ್ರತಿ ಪುಟಕ್ಕೂ ನಾನೇ ಹೆಸರು ಬರೆಯುವ ಹಾಗೆ ಒಂದು ಖಾನೆ ಮಾಡಿಕೊಡು ಎಂದೆ.

“ಬರಹ ಒಂದ ಕಡೆ ಕುಂದ್ರಂಗಿಲ್ರಿ ಸರ್, ಸರೀತಾವು...” ಎಂದು ಶುರು ಮಾಡಿದಳು. ನಾನು ತರಗತಿಯಲ್ಲಿ ಎತ್ತುತ್ತಿದ್ದ ಹಾಗೆ ಕೈ ಎತ್ತಿದೆ. ಹಳೆಯ ಅಭ್ಯಾಸ, ಅವಳು ಸುಮ್ಮನಾದಳು. ಖಾನೆ ಬಂತು.

ಆಹಾ, ಎರಡು ದಿನ ಏನು ಸಂಭ್ರಮ! ಕುರುಗೋಡಿನ ಎರಡನೇ ಪುಟದಲ್ಲಿ ಮೆಣಸಿನಕಾಯಿಯ ಬರಹಗಳಿದ್ದವು. ಅದು ‘ಕುರುಗೋಡು: ಖಾರದ ದಿನಗಳು’ ಆಯಿತು. ಹಗರಿ ಹೊಳೆಯ ಬರಹಗಳಿದ್ದ ಸಿರುಗುಪ್ಪದ ಎರಡನೆಯದು ‘ಹಗರಿಯ ಗಾಳಿ’, ಮಾವ ಇದ್ದ ಮೂರನೆಯದು ‘ಗಿರಣಿಯ ಮನುಷ್ಯರು’. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಪ್ರತಿಭೆ ಬತ್ತಿತ್ತು, ಊಟಕ್ಕೂ ಕರೆಯುತ್ತಿದ್ದರು. ಅಲ್ಲಿದ್ದದ್ದು ಹಳೆಯ ಎರಡು ತುಣುಕು ಮಾತ್ರ. ‘ಸಿರುಗುಪ್ಪ: ಉಳಿದದ್ದು’ ಎಂದು ಬರೆದು ಎದ್ದೆ.

ಅತ್ತೆಗೆ ಹೊಸದಾಗಿ ನಕ್ಷತ್ರ ಒತ್ತಿಸಿದೆ. ‘ಗಿರಣಿಯ ಮನುಷ್ಯರು’ ಅವಳಿಗೆ ಬಹಳ ಹಿಡಿಸಿತು. ಹೊಗಳಿಕೆ ನನಗೆ ಪಿತ್ತದ ಹಾಗೆ ನೆತ್ತಿಗೇರುತ್ತದೆ. ಅದೇ ಉಮೇದಿನಲ್ಲಿ ಸಿರುಗುಪ್ಪದ ಮೇಲೆ ಒಂದರ ಹಿಂದೊಂದು ಹತ್ತು ಹನ್ನೆರಡು ಬರೆದೆ. ಅಲ್ಲಿನ ಬಸ್ ನಿಲ್ದಾಣ, ಅಲ್ಲಿನ ಸೊಳ್ಳೆ, ಅಲ್ಲಿ ಹಲ್ಲು ಕೀಳಿಸಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ನಡುನಡುವೆ ಕುರುಗೋಡಿಗೂ ಒಂದೊಂದು ಹಾಕಿದೆ.

ಮತ್ತೆ ಫೋನ್. ಈ ಸಲ ಅತ್ತೆ ಬೈಯಲಿಲ್ಲ. “ನಿಮ್ಮ ಮಾವನ್ನ ತಗದುಬಿಟ್ಟೇನಪ್ಪಾ?” ಎಂದಳು.

‘ಲೇ’ ಹೋಗಿ ‘ಅಪ್ಪಾ’ ಬಂದಿತ್ತು. ನನಗೆ ಹೆದರಿಕೆಯಾಯಿತು. “ಇಲ್ಲಬೇ ಅತ್ತಿ, ಹೆಂಗ ತಗೀಲಿ?” ಎನ್ನುತ್ತ ಕಂಪ್ಯೂಟರಿನ ಮುಂದೆ ಕೂತೆ. ‘ಗಿರಣಿಯ ಮನುಷ್ಯರು’ ಎಂಬ ಘನ ಶೀರ್ಷಿಕೆಯ ಕೆಳಗೆ ಹಗರಿಯ ಬರಹಗಳು ಬಂದು ಕೂತಿದ್ದವು. ‘ಹಗರಿಯ ಗಾಳಿ’ಯಲ್ಲಿ ನನ್ನ ದವಡೆ ಹಲ್ಲಿತ್ತು. ಕುರುಗೋಡಿನ ‘ಖಾರದ ದಿನಗಳು’ ತೆರೆದರೆ ನನ್ನ ಸಕ್ಕರೆ ಕಾಯಿಲೆಯ ಪ್ರಬಂಧ. ಮೇಲೆ ಒಂದು ಹೊಸದು ಸೇರಿದಾಗಲೆಲ್ಲ ಪ್ರತಿ ಪುಟದ ಕೊನೆಯದು ಮುಂದಿನ ಪುಟಕ್ಕೆ ಜಾರಿತ್ತು. ನನ್ನ ಹೆಸರುಗಳು ಮಾತ್ರ ಇಟ್ಟಲ್ಲೇ ಇದ್ದವು.

“ಅದಾನಬೇ, ನಾಕನೇದರಾಗ ನೋಡು” ಎಂದುಬಿಟ್ಟೆ. ಹೇಳಿದ ಮೇಲೆ ಆ ಪುಟದ ಹೆಸರು ನೆನಪಾಯಿತು.

ಆ ಕಡೆ ನಕ್ಷತ್ರಗಳ ಪಟ್ಟಿ ತೆರೆದಳು. ಆಮೇಲೆ ಅತ್ತೆ ಮೆಲ್ಲಗೆ ಓದಿದಳು: “ಸಿರುಗುಪ್ಪ... ಉಳಿದದ್ದು.” ಫೋನ್ ಇಟ್ಟಳು.

ನಾಚಿಕೆಯಾಯಿತು. ಎಷ್ಟೆಂದರೆ ಮಧ್ಯಾಹ್ನದ ಬಿಸಿಲಲ್ಲೇ ಸತ್ಯನಾರಾಯಣಪೇಟೆಗೆ ನಡೆದೆ. “ಅಂಕಿ ಹಾಕಿಬಿಡವಾ” ಎಂದೆ. ಅತ್ತೆಯ ಕಥೆಯನ್ನೂ ಹೇಳಿದೆ. ಅವಳು ಖಾನೆ ತೆಗೆದು ಅಚ್ಚು ಸರಿ ಮಾಡಿದಳು. “ಅಂಕಿ ಸುಳ್ಳಾಗಂಗಿಲ್ರಿ ಸರ್. ಒಳಗ ಯಾರೇ ಬರಲಿ, ನಾಕನೇ ಪುಟ ನಾಕನೇದ. ಅತ್ತಿಯವರಿಗೆ ಪುಟ ಬ್ಯಾಡ, ಮಾವನವರ ಬರಹಾನ ಉಳಿಸಿಕೊಡ್ರಿ. ಅದರ ವಿಳಾಸ ಬದಲಾಗಂಗಿಲ್ಲ.”

ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿದೆ. ಅತ್ತೆ ಚಹಾ ಕೊಟ್ಟಳು, ಮುಖ ಕೊಡಲಿಲ್ಲ. ಅವಳ ಫೋನಿನಲ್ಲಿದ್ದ ಹಳೆಯ ನಕ್ಷತ್ರಗಳನ್ನೆಲ್ಲ ಅಳಿಸಿ, ಮಾವನ ಬರಹವನ್ನೇ ತೆರೆದು ಅದಕ್ಕೊಂದು ನಕ್ಷತ್ರ ಒತ್ತಿದೆ. “ಇನ್ನ ಒಂದ ಸಲ ಒತ್ತಿದರ ಸಾಕಬೇ ಅತ್ತಿ, ಸೀದಾ ಮಾವ.” ಅತ್ತೆ ಹೂಂ ಎಂದಳು. ‘ಉಳಿದದ್ದು’ ಹೋಗಿದೆಯೋ ಇಲ್ಲವೋ ಎಂದು ಆ ಪುಟವನ್ನೂ ತೆಗೆಸಿ ನೋಡಿದಳು. ‘ಸಿರುಗುಪ್ಪ – ಪುಟ 4’ ಎಂದಿತ್ತು. ಆಮೇಲೆಯೇ ಒಳಗೆ ಹೋಗಿ ಮಂಡಕ್ಕಿ ತಂದಿಟ್ಟಳು.

ಆಮೇಲೂ ಸಿರುಗುಪ್ಪದ ಮೇಲೆ ಬರೆಯುತ್ತಲೇ ಹೋದೆ. ಮೊನ್ನೆ ಹೋದಾಗ ನೋಡಿದರೆ, ಅತ್ತೆ ನಕ್ಷತ್ರದ ತಂಟೆಗೇ ಹೋಗದೆ ‘ಸಿರುಗುಪ್ಪ’ದಿಂದ ಶುರು ಮಾಡಿ ಒಂದೊಂದೇ ಪುಟ ದಾಟುತ್ತಿದ್ದಳು. ಪುಟ 2, ಪುಟ 3. ತಡೆಯಲಾಗದೆ ಹೇಳಿದೆ: “ಸೀದಾ ದಾರಿ ಮಾಡಿಕೊಟ್ಟೀನಲ್ಲಬೇ ಅತ್ತಿ, ಯಾಕ ಸುತ್ತಾಕಿ ಹೊಂಟೀ?”

“ಸುಮ್ಮನಿರಲೇ” ಎಂದಳು, ಕಣ್ಣು ಫೋನಿನಿಂದ ಎತ್ತದೆ. “ಹಿಂಗ ಹೋದರ ಎಷ್ಟು ದೂರ ಹೋಗ್ಯಾನ ಅಂತ ತಿಳೀತೈತಿ. ಈಗ ಐದನೇದರಾಗ ಅದಾನ.”

ಬರುವಾಗ ಬಸ್ಸಿನಲ್ಲಿ ಸಿರುಗುಪ್ಪದ ಮೇಲೆ ಇನ್ನೊಂದು ಬರಹ ಹೊಳೆಯಿತು. ಬರೆದಿಟ್ಟಿದ್ದೇನೆ. ಇನ್ನೂ ಹಾಕಿಲ್ಲ.